ಹನ್ನೆರಡು ವೋಲ್ಟ್ ಐದಾಗುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಬಕ್ ಮಾಡ್ಯೂಲ್ ಇದೆಯಾ?’ ಎಂದು ಕೇಳಿದರೆ ಅಂಗಡಿಯವರು ಮರುಮಾತಿಲ್ಲದೆ ಒಂದು ನೀಲಿ ಬೋರ್ಡನ್ನು ಮುಂದಿಡುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರ ಮೇಲೆ ಐದು ಕಾಲಿನ ಎಲ್‌ಎಂ2596 ಎಂಬ ಚಿಪ್, ಒಂದು ಡಯೋಡ್, ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್, ಎರಡು ಕೆಪಾಸಿಟರ್, ಜೊತೆಗೆ ತಿರುಗಿಸಲು ಪುಟ್ಟದೊಂದು ಹಿತ್ತಾಳೆ ಸ್ಕ್ರೂ. ಒಂದು ಬದಿಗೆ 12 ವೋಲ್ಟ್ ಬ್ಯಾಟರಿ ಜೋಡಿಸಿ ಸ್ಕ್ರೂ ತಿರುಗಿಸಿದರೆ ಇನ್ನೊಂದು ಬದಿಯಲ್ಲಿ 5 ವೋಲ್ಟ್ ಸಿಗುತ್ತದೆ. ಕಾರಿನ ಮೊಬೈಲ್ ಚಾರ್ಜರ್ ಒಳಗಿರುವುದೂ ಇದರ ಸೋದರನೇ.

12ನ್ನು 5 ಮಾಡುವುದು ಹೊಸ ವಿದ್ಯೆಯೇನಲ್ಲ. ಬಕ್ ಮಾಡ್ಯೂಲ್ ಸುಲಭಕ್ಕೆ ಸಿಗುವ ಮೊದಲು ಹವ್ಯಾಸಿಗಳು ಈ ಕೆಲಸಕ್ಕೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಬಳಸುತ್ತಿದ್ದರು, ಈಗಲೂ ಬಳಸುವವರಿದ್ದಾರೆ. ಅದರ ರೀತಿ ಸರಳ. ಬೇಡದ 7 ವೋಲ್ಟನ್ನು ತನ್ನ ಮೈಮೇಲೆ ಹಾಕಿಕೊಂಡು ಶಾಖವಾಗಿ ಕಳೆದುಬಿಡುತ್ತದೆ. ಹೊರಗೆ 1 ಆಂಪಿಯರ್ ಹರಿದರೆ ಉಪಯೋಗಕ್ಕೆ ಸಿಗುವುದು 5 ವಾಟ್, ಬಿಸಿಯಾಗಿ ಹೋಗುವುದು 7 ವಾಟ್. ಅಂದರೆ ಕೊಟ್ಟದ್ದರಲ್ಲಿ ಅರ್ಧಕ್ಕೂ ಹೆಚ್ಚು ನಷ್ಟ. ಆ ಬಿಸಿಯನ್ನು ಹೊರಹಾಕಲು ಚಿಪ್ಪಿಗಿಂತ ಹತ್ತುಪಟ್ಟು ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇರೆ ಬೇಕು.

ಬಕ್ ಕನ್ವರ್ಟರ್ ವೋಲ್ಟೇಜನ್ನು ಸುಡುವುದಿಲ್ಲ, ಕತ್ತರಿಸುತ್ತದೆ. ಎಲ್‌ಎಂ2596 ಚಿಪ್ಪಿನೊಳಗೆ ಒಂದು ಟ್ರಾನ್ಸಿಸ್ಟರ್ ಸ್ವಿಚ್ಚಿನ ಕೆಲಸ ಮಾಡುತ್ತದೆ. ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಅದು ಆನ್ ಆಗಿ ಆಫ್ ಆಗುತ್ತದೆ. ಪ್ರತಿ ಸುತ್ತಿಗೆ ಸಿಗುವ ಕಾಲ 6.67 ಮೈಕ್ರೋಸೆಕೆಂಡ್. ಆ ಪುಟ್ಟ ಅವಧಿಯಲ್ಲಿ ಸ್ವಿಚ್ ಎಷ್ಟು ಪಾಲು ಆನ್ ಇರುತ್ತದೆ ಎಂಬುದೇ ಡ್ಯೂಟಿ ಸೈಕಲ್. ಅರ್ಧ ಹೊತ್ತು ಆನ್ ಇದ್ದರೆ ಶೇ 50, ಕಾಲು ಹೊತ್ತು ಇದ್ದರೆ ಶೇ 25. ಪೂರ್ತಿ ಆನ್ ಆದ ಸ್ವಿಚ್ಚಿನಲ್ಲಿ ಕರೆಂಟ್ ಇರುತ್ತದೆ, ಅದರ ಮೇಲೆ ಬೀಳುವ ವೋಲ್ಟೇಜ್ ಅತ್ಯಲ್ಪ. ಆಫ್ ಆದಾಗ ವೋಲ್ಟೇಜ್ ಇದ್ದರೂ ಕರೆಂಟ್ ಇಲ್ಲ. ಎರಡೂ ಸ್ಥಿತಿಯಲ್ಲಿ ಸುಡುವುದು ಕಡಿಮೆ. ಉಳಿತಾಯದ ಮೂಲ ಇದು.

ಆದರೆ ಬರೀ ಸ್ವಿಚ್ಚಿನಿಂದ ಕೆಲಸ ಆಗದು. ಅದರಿಂದ ಹೊರಬರುವುದು 12 ವೋಲ್ಟ್, ಸೊನ್ನೆ, 12, ಸೊನ್ನೆ ಎಂಬ ಹೊಡೆತಗಳು. ಸರಾಸರಿ ತೆಗೆದರೆ 5 ಬರಬಹುದು. ಮೊಬೈಲಿಗೆ ಆ ಸರಾಸರಿಯ ಲೆಕ್ಕ ಗೊತ್ತಿಲ್ಲ, ಮೊದಲ 12 ವೋಲ್ಟ್ ಹೊಡೆತಕ್ಕೇ ಅದರ ಕಥೆ ಮುಗಿಯಬಹುದು. ಹೊಡೆತಗಳನ್ನು ನಿಜವಾದ, ಸ್ಥಿರವಾದ ಸರಾಸರಿಯಾಗಿ ಬದಲಿಸುವುದು ಕಾಯಿಲ್ ಮತ್ತು ಕೆಪಾಸಿಟರ್. ಅದರಲ್ಲೂ ಮುಖ್ಯ ಪಾತ್ರ ಕಾಯಿಲ್‌ದು.

ಈ ಬೋರ್ಡುಗಳ ಕಾಯಿಲ್ ಮೇಲೆ ಹೆಚ್ಚಾಗಿ 330 ಎಂದು ಬರೆದಿರುತ್ತದೆ. ಮುನ್ನೂರ ಮೂವತ್ತು ಎಂದು ಓದಿ ಮೋಸಹೋಗಬಾರದು. ಕೊನೆಯ ಅಂಕಿ ಎಷ್ಟು ಸೊನ್ನೆ ಸೇರಿಸಬೇಕೆಂದು ಹೇಳುತ್ತದೆ. 33ರ ಮುಂದೆ ಸೊನ್ನೆ ಸೊನ್ನೆಗಳು, ಅಂದರೆ 33 ಮೈಕ್ರೋಹೆನ್ರಿ. ಕಾಯಿಲ್ಲಿನ ಸ್ವಭಾವವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, ತನ್ನೊಳಗಿನ ಕರೆಂಟ್ ಥಟ್ಟನೆ ಬದಲಾಗಲು ಅದು ಬಿಡುವುದಿಲ್ಲ. ಎರಡು ತುದಿಗಳ ನಡುವೆ ವೋಲ್ಟೇಜ್ ಕೊಟ್ಟರೆ ಕರೆಂಟ್ ಒಂದು ನಿಗದಿತ ವೇಗದಲ್ಲಿ ಏರುತ್ತದೆ. ವೋಲ್ಟೇಜ್ ತಿರುಗುಮುರುಗಾದರೆ ಹಾಗೆಯೇ ಇಳಿಯುತ್ತದೆ. ವೋಲ್ಟೇಜನ್ನು ಮೈಕ್ರೋಹೆನ್ರಿಯಿಂದ ಭಾಗಿಸಿದರೆ ಪ್ರತಿ ಮೈಕ್ರೋಸೆಕೆಂಡಿಗೆ ಎಷ್ಟು ಆಂಪಿಯರ್ ಏರುತ್ತದೆ ಎಂಬ ಲೆಕ್ಕ ಸಿಕ್ಕಿತು.

ಈಗ ಒಂದು ಸುತ್ತನ್ನು ನಿಧಾನವಾಗಿ ನೋಡೋಣ. ಬ್ಯಾಟರಿ 12 ವೋಲ್ಟ್, ಹೊರಗೆ 5 ವೋಲ್ಟ್, ಎಳೆಯುತ್ತಿರುವ ಕರೆಂಟ್ 2 ಆಂಪಿಯರ್. ಸ್ವಿಚ್ಚು, ಡಯೋಡುಗಳಲ್ಲಿ ಆಗುವ ಚಿಲ್ಲರೆ ನಷ್ಟವನ್ನು ಸದ್ಯಕ್ಕೆ ಬದಿಗಿಡೋಣ.

ಸ್ವಿಚ್ ಆನ್ ಆದಾಗ ಕಾಯಿಲ್ಲಿನ ಒಂದು ತುದಿ 12 ವೋಲ್ಟಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ತುದಿ 5 ವೋಲ್ಟಿನಲ್ಲಿದೆ. ಅದರ ಮೇಲೆ ಬಿದ್ದದ್ದು 7 ವೋಲ್ಟ್. ಕರೆಂಟ್ ಪ್ರತಿ ಮೈಕ್ರೋಸೆಕೆಂಡಿಗೆ ಸುಮಾರು 0.21 ಆಂಪಿಯರ್‌ನಂತೆ ಏರತೊಡಗುತ್ತದೆ. ಬ್ಯಾಟರಿಯಿಂದ ಹೊರಟ ಶಕ್ತಿಯಲ್ಲಿ ಒಂದು ಪಾಲು ನೇರ ಮೊಬೈಲಿಗೆ, ಇನ್ನೊಂದು ಪಾಲು ಕಾಯಿಲ್ಲಿನ ಕಾಂತಕ್ಷೇತ್ರದಲ್ಲಿ ಜಮಾ.

ಸ್ವಿಚ್ ಆಫ್ ಆದಾಗ ಬ್ಯಾಟರಿಯ ಸಂಪರ್ಕ ಕಡಿಯಿತು. ಕಾಯಿಲ್ಲಿನ ಕರೆಂಟ್ ನಿಲ್ಲಲು ಒಪ್ಪುವುದಿಲ್ಲ. ಬೇರೆ ದಾರಿ ಹುಡುಕುತ್ತದೆ. ಆ ದಾರಿಯೇ ಡಯೋಡ್. ನೆಲದಿಂದ, ಅಂದರೆ ಗ್ರೌಂಡಿನಿಂದ, ಡಯೋಡ್ ಮೂಲಕ ಮೇಲೆದ್ದು ಕಾಯಿಲ್ ಹೊಕ್ಕು ಮೊಬೈಲಿನ ಕಡೆಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. (ಡಯೋಡ್ ಇಲ್ಲದೇ ಹೋದರೆ ಕಾಯಿಲ್ ತನ್ನ ಹಟ ಸಾಧಿಸಲು ವೋಲ್ಟೇಜನ್ನು ಎಷ್ಟು ಬೇಕಾದರೂ ಏರಿಸಿ ಸ್ವಿಚ್ಚನ್ನೇ ಬಲಿ ತೆಗೆದುಕೊಳ್ಳುತ್ತದೆ.) ಈಗ ಕಾಯಿಲ್ಲಿನ ಮೊದಲ ತುದಿ ಸೊನ್ನೆಯಲ್ಲಿದೆ, ಇನ್ನೊಂದು 5ರಲ್ಲಿ. ಅದರ ಮೇಲಿರುವುದು ಉಲ್ಟಾ 5 ವೋಲ್ಟ್. ಕರೆಂಟ್ ಮೈಕ್ರೋಸೆಕೆಂಡಿಗೆ 0.15 ಆಂಪಿಯರ್‌ನಂತೆ ಇಳಿಯುತ್ತದೆ. ಜಮಾ ಆಗಿದ್ದ ಶಕ್ತಿ ಖರ್ಚಾಗುತ್ತಿದೆ.

ಇಲ್ಲಿದೆ ಇಡೀ ಸರ್ಕ್ಯೂಟಿನ ಕೀಲಿ. ಯಂತ್ರ ಒಂದೇ ಸಮನೆ ನಡೆಯುತ್ತಿರಬೇಕಾದರೆ ಒಂದು ಸುತ್ತಿನಲ್ಲಿ ಕರೆಂಟ್ ಎಷ್ಟು ಏರಿತೋ ಅಷ್ಟೇ ಇಳಿಯಬೇಕು. ಏರಿಸುವುದು 7 ವೋಲ್ಟ್, ಇಳಿಸುವುದು 5 ವೋಲ್ಟ್. ಬಲ ಹೆಚ್ಚಿರುವ 7ಕ್ಕೆ ಕಡಿಮೆ ಹೊತ್ತು, ಬಲ ಕಡಿಮೆ ಇರುವ 5ಕ್ಕೆ ಹೆಚ್ಚು ಹೊತ್ತು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಒಂದು ಸುತ್ತನ್ನು ಹನ್ನೆರಡು ಪಾಲು ಮಾಡಿ, ಐದು ಪಾಲು ಆನ್, ಏಳು ಪಾಲು ಆಫ್ ಇಡಿ: 7 ಸಲ 5 ಮೂವತ್ತೈದು, 5 ಸಲ 7 ಮೂವತ್ತೈದು. ಜಮಾ ಖರ್ಚು ಸರಿಸಮ. ಆನ್ ಇದ್ದದ್ದು ಹನ್ನೆರಡರಲ್ಲಿ ಐದು, ವೋಲ್ಟೇಜೂ ಹನ್ನೆರಡರಲ್ಲಿ ಐದು. ಎಂಜಿನಿಯರ್‌ಗಳು ಇದನ್ನೇ ಹೀಗೆ ಬರೆಯುತ್ತಾರೆ:

Vout = D × Vin

ಇಲ್ಲಿ D ಎಂದರೆ ಡ್ಯೂಟಿ ಸೈಕಲ್. ನಮ್ಮ ಬೋರ್ಡಿನಲ್ಲಿ ಅದು ಶೇ 41.7. ಮೈಕ್ರೋಸೆಕೆಂಡಿನಲ್ಲಿ ಹೇಳುವುದಾದರೆ 2.78 ಆನ್, 3.89 ಆಫ್. ಆನ್ ಇದ್ದಾಗ ಕರೆಂಟ್ ಏರುವುದು ಸುಮಾರು 0.59 ಆಂಪಿಯರ್, ಆಫ್ ಆದಾಗ ಇಳಿಯುವುದೂ ಅಷ್ಟೇ. ಮೊಬೈಲಿಗೆ ಬೇಕಾದ 2 ಆಂಪಿಯರ್ ನಡುವಿನ ಗೆರೆ. ಕಾಯಿಲ್ಲಿನ ಕರೆಂಟ್ ಅದರ ಸುತ್ತ 1.7ರಿಂದ 2.3ರವರೆಗೆ ಗರಗಸದ ಹಲ್ಲಿನಂತೆ ಏರಿಳಿಯುತ್ತಿರುತ್ತದೆ.

ಯಾರೋ ಲೆಕ್ಕ ಹಾಕಿ ಸರಿಯಾದ ಪಾಲು ಕೊಟ್ಟಿದ್ದರಿಂದ ಹೀಗಾಯಿತು ಎಂದುಕೊಳ್ಳಬೇಡಿ. ಡ್ಯೂಟಿ ಸೈಕಲನ್ನು ಒಂದು ಕಡೆ ನಿಲ್ಲಿಸಿಬಿಟ್ಟರೆ ವೋಲ್ಟೇಜ್ ತಾನಾಗಿ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಹೊರಗೆ 5 ವೋಲ್ಟ್ ಇರುವಾಗ ಡ್ಯೂಟಿಯನ್ನು ಅರ್ಧಕ್ಕೆ ಏರಿಸಿದೆವು ಎನ್ನಿ. ಈಗ 7 ವೋಲ್ಟಿಗೂ 5 ವೋಲ್ಟಿಗೂ ಸಮಾನ ಹೊತ್ತು ಸಿಗುವುದರಿಂದ ಕರೆಂಟ್ ಪ್ರತಿ ಸುತ್ತಿನಲ್ಲಿ ಇಳಿಯುವುದಕ್ಕಿಂತ ಹೆಚ್ಚು ಏರುತ್ತದೆ. ಹೆಚ್ಚುವರಿ ಕರೆಂಟ್ ಕೆಪಾಸಿಟರನ್ನು ತುಂಬುತ್ತದೆ, ಹೊರಗಿನ ವೋಲ್ಟೇಜ್ ಏರುತ್ತದೆ. ಅದು ಏರಿದಂತೆ ಏರಿಸುವ ಬಲ ಕುಗ್ಗುತ್ತದೆ, ಇಳಿಸುವ ಬಲ ಹಿಗ್ಗುತ್ತದೆ. ಸ್ವಲ್ಪ ತೂಗಾಡಿದ ಮೇಲೆ ಎರಡೂ 6 ವೋಲ್ಟ್ ಆದಲ್ಲಿಗೆ ಎಲ್ಲ ಸ್ತಬ್ಧ. 12ರ ಅರ್ಧ 6.

ಈ ಸೂತ್ರದಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಹೆಚ್ಚು ಕುತೂಹಲದ್ದು. ಅಲ್ಲಿ ಕಾಯಿಲ್ಲಿನ ಅಳತೆ ಇಲ್ಲ, ಕೆಪಾಸಿಟರಿನ ಅಳತೆ ಇಲ್ಲ, ಸೆಕೆಂಡಿಗೆ ಎಷ್ಟು ಸುತ್ತು ಎಂಬುದಿಲ್ಲ. ಮೊಬೈಲ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂಬುದಂತೂ ಇಲ್ಲವೇ ಇಲ್ಲ. 1 ಆಂಪಿಯರ್ ಎಳೆದರೂ 2 ಎಳೆದರೂ ಅದೇ ಶೇ 41.7, ಅದೇ 5 ವೋಲ್ಟ್. ಲೋಡ್ ಹೆಚ್ಚಿದ ಕ್ಷಣ ಕೆಪಾಸಿಟರ್ ತುಸು ಬರಿದಾಗಿ ವೋಲ್ಟೇಜ್ ಕುಸಿಯುತ್ತದೆ. ಆಗ ಏರಿಸುವ ಬಲದ ಕೈ ಮೇಲಾಗಿ ಇಡೀ ಗರಗಸದ ಗೆರೆ ಮೇಲಕ್ಕೆ ಸರಿದು ಹೊಸ ಮಟ್ಟದಲ್ಲಿ ನಿಲ್ಲುತ್ತದೆ. ಹಲ್ಲಿನ ಎತ್ತರ ಮಾತ್ರ ಬದಲಾಗುವುದಿಲ್ಲ, ಅದೇ 0.59.

ಆದರೆ ಇಷ್ಟು ಅಚ್ಚುಕಟ್ಟಾದ ಮಾತಿಗೆ ಒಂದು ಷರತ್ತಿದೆ. ಕಾಯಿಲ್ಲಿನ ಕರೆಂಟ್ ಒಂದು ಕ್ಷಣವೂ ಸೊನ್ನೆ ಮುಟ್ಟಿ ನಿಲ್ಲಬಾರದು. ಸೈಕಲ್ ಹೊಡೆಯುವವನು ನಾಲ್ಕು ಸಲ ಪೆಡಲ್ ತುಳಿದು ಕಾಲು ಬಿಟ್ಟು ಸಾಗುತ್ತಾನೆ, ವೇಗ ಪೂರ್ತಿ ಕುಂದುವ ಮೊದಲೇ ಮತ್ತೆ ತುಳಿಯುತ್ತಾನೆ. ಗಾಲಿ ನಿಲ್ಲುವುದೇ ಇಲ್ಲ. ಕಾಯಿಲ್ಲಿನ ಕರೆಂಟೂ ಹೀಗೆ ನಿಲ್ಲದೆ ಸಾಗುತ್ತಿರುವ ಸ್ಥಿತಿಗೆ ಕಂಟಿನ್ಯುಯಸ್ ಕಂಡಕ್ಷನ್, ನಿರಂತರ ವಹನ, ಎಂದು ಹೆಸರು. ಎಂಜಿನಿಯರ್‌ಗಳ ಬಾಯಲ್ಲಿ ಸಿಸಿಎಂ.

ಷರತ್ತು ಮುರಿಯುವುದು ಲೋಡ್ ಕಡಿಮೆಯಾದಾಗ. ಮೊಬೈಲ್ ತುಂಬುತ್ತ ಬಂದಂತೆ ಎಳೆಯುವ ಕರೆಂಟ್ ಇಳಿಯುತ್ತದೆ, ಗರಗಸದ ಗೆರೆಯೂ ಕೆಳಗೆ ಬರುತ್ತದೆ. ಹಲ್ಲಿನ ಎತ್ತರ 0.59 ಆಗಿರುವುದರಿಂದ ಸರಾಸರಿ ಅದರ ಅರ್ಧಕ್ಕೆ, ಸುಮಾರು 0.3 ಆಂಪಿಯರಿಗೆ, ಇಳಿದಾಗ ಹಲ್ಲಿನ ಬುಡ ಸೊನ್ನೆಯನ್ನು ಮುಟ್ಟಿತು. ಅದಕ್ಕಿಂತ ಕೆಳಗೆ ಇಳಿದರೆ? ಕರೆಂಟ್ ಹಿಂದಕ್ಕೆ ಹರಿಯಬೇಕಿತ್ತು. ಡಯೋಡ್ ಒಂದೇ ದಿಕ್ಕಿನ ಬಾಗಿಲು, ಬಿಡುವುದಿಲ್ಲ. ಹಾಗಾಗಿ ಪ್ರತಿ ಸುತ್ತಿನ ಕೊನೆಗೆ ಸ್ವಿಚ್ಚೂ ಇಲ್ಲ, ಡಯೋಡೂ ಇಲ್ಲ ಎಂಬ ಮೂರನೆಯ ಖಾಲಿ ಹೊತ್ತು ಹುಟ್ಟಿಕೊಳ್ಳುತ್ತದೆ.

ಆ ಖಾಲಿ ಹೊತ್ತು ಹಳೆಯ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಮೊದಲು ಆಫ್ ಹೊತ್ತೆಲ್ಲ ಇಳಿಸುವ ಬಲ ಕೆಲಸ ಮಾಡುತ್ತಿತ್ತು. ಈಗ ಅದು ನಡುವೆಯೇ ಕೈಕಟ್ಟಿ ಕೂರುತ್ತದೆ. ಉಳಿದ ಅಲ್ಪ ಹೊತ್ತಿನಲ್ಲೇ ಏರಿದ್ದನ್ನೆಲ್ಲ ಇಳಿಸಬೇಕಾದರೆ ಹೊರಗಿನ ವೋಲ್ಟೇಜ್ ಹೆಚ್ಚಬೇಕು. ಒಂದು ಉದಾಹರಣೆ: ಡ್ಯೂಟಿಯನ್ನು ಶೇ 41.7ರಲ್ಲೇ ಕಟ್ಟಿಹಾಕಿ, ಹೊರಗೆ ಬರೀ 100 ಓಮ್‌ನ ರೆಸಿಸ್ಟರ್ ಜೋಡಿಸಿದರೆ ಲೆಕ್ಕದ ಪ್ರಕಾರ ಸಿಗುವುದು 5 ವೋಲ್ಟ್ ಅಲ್ಲ, ಸುಮಾರು 8.5 ವೋಲ್ಟ್. ರೆಸಿಸ್ಟರನ್ನೂ ತೆಗೆದರೆ ವೋಲ್ಟೇಜ್ 12ರತ್ತ ತೆವಳುತ್ತದೆ. ಸಿಸಿಎಂನಲ್ಲಿ ಹೆಸರೇ ಇಲ್ಲದಿದ್ದ ಲೋಡ್, ಕಾಯಿಲ್, ಸುತ್ತಿನ ಅವಧಿ ಎಲ್ಲವೂ ಈಗ ಸೂತ್ರದೊಳಗೆ ನುಗ್ಗುತ್ತವೆ.

ಹಾಗಿದ್ದರೆ ಚಾರ್ಜರಿನಿಂದ ಮೊಬೈಲ್ ಕಿತ್ತಾಗ ವೋಲ್ಟೇಜ್ ಏಕೆ ಏರುವುದಿಲ್ಲ? ಏಕೆಂದರೆ ಡ್ಯೂಟಿಯನ್ನು ಯಾರೂ ಕಟ್ಟಿಹಾಕಿಲ್ಲ. ಚಿಪ್ಪಿನೊಳಗೆ 1.23 ವೋಲ್ಟಿನ ಒಂದು ಸ್ಥಿರ ಮಾನದಂಡ ಇದೆ. ಹೊರಗಿನ ವೋಲ್ಟೇಜಿನ ಒಂದು ಪಾಲನ್ನು ಎರಡು ರೆಸಿಸ್ಟರುಗಳ ಮೂಲಕ ಹಿಂದಕ್ಕೆ ತಂದು ಚಿಪ್ ಅದರೊಂದಿಗೆ ಹೋಲಿಸುತ್ತದೆ. ಹೆಚ್ಚಾದರೆ ಆನ್ ಹೊತ್ತನ್ನು ಕತ್ತರಿಸುತ್ತದೆ, ಕಡಿಮೆಯಾದರೆ ಹಿಗ್ಗಿಸುತ್ತದೆ. ಹಿತ್ತಾಳೆ ಸ್ಕ್ರೂ ತಿರುಗಿಸಿದಾಗ ನಾವು ಬದಲಿಸುವುದು ಆ ಪಾಲನ್ನು, ನೇರವಾಗಿ ಡ್ಯೂಟಿಯನ್ನಲ್ಲ. 5 ವೋಲ್ಟಿನಲ್ಲಿ ಅದೇ 100 ಓಮ್ ರೆಸಿಸ್ಟರ್ ಎಳೆಯುವುದು 50 ಮಿಲಿಆಂಪಿಯರ್. ಆಗ ಚಿಪ್ ಡ್ಯೂಟಿಯನ್ನು ಶೇ 17ರ ಹತ್ತಿರಕ್ಕೆ ಇಳಿಸಿಬಿಡುತ್ತದೆ.

ಸಿಸಿಎಂನಲ್ಲಿ ಈ ಕಾವಲುಗಾರನಿಗೆ ಬೇರೊಂದು ಕೆಲಸ. ಕಾರಿನ ಬ್ಯಾಟರಿ 12 ಎಂದು ಹೆಸರಿಗಷ್ಟೆ. ಎಂಜಿನ್ ಓಡುತ್ತಿರುವಾಗ ಅದು 14.4ಕ್ಕೆ ಏರಬಹುದು. ಡ್ಯೂಟಿ ಹಾಗೇ ಉಳಿದರೆ ಮೊಬೈಲಿಗೆ 6 ವೋಲ್ಟ್ ಹೋಗುತ್ತದೆ. ಚಿಪ್ ಅದನ್ನು ಶೇ 34.7ಕ್ಕೆ ಇಳಿಸಿ 5ನ್ನು ಕಾಪಾಡುತ್ತದೆ. ಅದೇ ಚಾರ್ಜರನ್ನು ಲಾರಿಯ 24 ವೋಲ್ಟಿಗೆ ಚುಚ್ಚಿದರೆ ಡ್ಯೂಟಿ ಶೇ 21ರ ಆಸುಪಾಸು. ಎಲ್‌ಎಂ2596 ಒಳಬದಿಯಲ್ಲಿ 40 ವೋಲ್ಟ್‌ವರೆಗೆ ತಾಳುವುದರಿಂದ ಲಾರಿ, ಕಾರು ಎರಡಕ್ಕೂ ಒಂದೇ ಬೋರ್ಡ್ ಸಾಕಾಗುತ್ತದೆ.

ಇನ್ನು ಬದಿಗಿಟ್ಟ ಚಿಲ್ಲರೆ ನಷ್ಟದ ವಿಷಯ. ನಿಜವಾದ ಬೋರ್ಡಿನಲ್ಲಿ ಅಳೆದರೆ ಡ್ಯೂಟಿ ಶೇ 41.7 ಬರುವುದಿಲ್ಲ, 47ರ ಹತ್ತಿರ ಇರುತ್ತದೆ. ಸ್ವಿಚ್ ಹಳೆಯ ಕಾಲದ ಬೈಪೋಲಾರ್ ಜಾತಿಯದು. ಆನ್ ಇದ್ದಾಗ ಅದು ಸುಮಾರು 1 ವೋಲ್ಟ್ ನುಂಗುತ್ತದೆ. ಡಯೋಡ್ 0.4 ವೋಲ್ಟ್‌ನಷ್ಟು ನುಂಗುತ್ತದೆ. ಕಾಯಿಲ್ಲನ್ನು ಏರಿಸುವ ಬಲ 7ರಿಂದ 6ಕ್ಕೆ ಇಳಿಯಿತು, ಇಳಿಸುವ ಬಲ 5ರಿಂದ 5.4ಕ್ಕೆ ಏರಿತು. ಸಮಮಾಡಲು ಹೆಚ್ಚು ಹೊತ್ತು ಆನ್ ಇರಲೇಬೇಕು: 5.4ನ್ನು 11.4ರಿಂದ ಭಾಗಿಸಿ ನೋಡಿ. 12 ವೋಲ್ಟಿನಿಂದ 5 ಮಾಡಿ 3 ಆಂಪಿಯರ್ ಕೊಡುವಾಗ ಇದರ ದಕ್ಷತೆ ಶೇ 80ರಷ್ಟು ಎಂದು ತಯಾರಕರ ಮಾಹಿತಿಪತ್ರವೇ ಹೇಳುತ್ತದೆ. 7805ರ ಶೇ 42ರ ಪಕ್ಕ ಇದು ಬಹಳ ಮೇಲು. ಆದರೂ ಐದರಲ್ಲೊಂದು ಪಾಲು ಬಿಸಿಯಾಗಿಯೇ ಹೋಗುತ್ತದೆ. ಒಳಗಿನ ವೋಲ್ಟೇಜ್ 6ಕ್ಕೆ ಕುಸಿದರಂತೂ ಸ್ವಿಚ್ ಸದಾ ಆನ್ ಇದ್ದರೂ 5 ವೋಲ್ಟ್ ಕಷ್ಟ.

ಡಯೋಡಿನ 0.4 ವೋಲ್ಟ್ ಚಿಲ್ಲರೆಯಾಗಿ ಉಳಿಯದ ಜಾಗವೂ ಇದೆ. ಕಂಪ್ಯೂಟರಿನ ಮದರ್‌ಬೋರ್ಡ್ ಪ್ರೊಸೆಸರಿಗೆ ಕೊಡಬೇಕಾದ್ದು 1.2 ವೋಲ್ಟಿನ ಆಸುಪಾಸು, ಸಿಗುವುದು 12. ಡ್ಯೂಟಿ ಶೇ 10. ಉಳಿದ ಶೇ 90 ಹೊತ್ತು ಕರೆಂಟ್ ಕೆಳಗಿನ ದಾರಿಯಲ್ಲೇ ಹರಿಯಬೇಕು. ಅಲ್ಲಿ ಡಯೋಡ್ ಇಟ್ಟರೆ ನಷ್ಟ ವಿಪರೀತ. ಅದಕ್ಕೇ ಅಲ್ಲಿ ಡಯೋಡಿನ ಬದಲು ಇನ್ನೊಂದು ಮಾಸ್‌ಫೆಟ್ ಸ್ವಿಚ್ ಇಡುತ್ತಾರೆ. ಮೇಲಿನದು ಆಫ್ ಆದಾಗ ಇದು ಆನ್. ಇದಕ್ಕೆ ಡಯೋಡಿನಂತೆ ಒಂದೇ ದಿಕ್ಕಿನ ಹಟವಿಲ್ಲ. ಕರೆಂಟ್ ಸೊನ್ನೆ ದಾಟಿ ಹಿಂದಕ್ಕೂ ಹರಿಯಬಲ್ಲದು. ಹಾಗೆ ಬಿಟ್ಟರೆ ಲೋಡ್ ಎಷ್ಟೇ ಕಡಿಮೆಯಾದರೂ ಸಿಸಿಎಂ ಮುರಿಯದು.

ಎಸ್.ಪಿ. ರಸ್ತೆಯ ನೀಲಿ ಬೋರ್ಡಿಗೆ ಮರಳಿದರೆ, ಕೊಳ್ಳುವವರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಅಗ್ಗದ ಬೋರ್ಡುಗಳಲ್ಲಿ ಎಲ್‌ಎಂ2596 ಎಂದು ಅಚ್ಚು ಹಾಕಿದ ನಕಲಿ ಚಿಪ್ಪುಗಳು ಬಹಳ. ಅವುಗಳಲ್ಲಿ ಹಲವು ಸೆಕೆಂಡಿಗೆ ಒಂದೂವರೆ ಲಕ್ಷದ ಬದಲು ಸುಮಾರು ಐವತ್ತು ಸಾವಿರ ಸಲವಷ್ಟೇ ಸ್ವಿಚ್ ಆಗುತ್ತವೆ. ಔಟ್‌ಪುಟ್ ವೋಲ್ಟೇಜ್ ನೋಡಿ ಇದನ್ನು ಪತ್ತೆಮಾಡಲಾಗದು. ಸೂತ್ರದಲ್ಲಿ ವೇಗ ಇಲ್ಲವಲ್ಲ, 5 ವೋಲ್ಟ್ ಸರಿಯಾಗೇ ಬರುತ್ತದೆ. ಹೊಡೆತ ಬೀಳುವುದು ಗರಗಸದ ಹಲ್ಲಿಗೆ. ಸುತ್ತಿನ ಅವಧಿ ಮೂರುಪಟ್ಟಾದ್ದರಿಂದ ಅದೇ 33 ಮೈಕ್ರೋಹೆನ್ರಿಯ ಕಾಯಿಲ್ಲಿನಲ್ಲಿ ಏರಿಳಿತ 0.59ರಿಂದ 1.77 ಆಂಪಿಯರಿಗೆ ಜಿಗಿಯುತ್ತದೆ. 2 ಆಂಪಿಯರ್ ಕೊಡುವಾಗ ತುದಿ 2.9 ಮುಟ್ಟುತ್ತದೆ. ಕಾಯಿಲ್ಲಿನ ಕೋರ್ ಒಂದು ಮಿತಿಯವರೆಗೆ ಮಾತ್ರ ಕಾಂತತ್ವ ಹಿಡಿದಿಟ್ಟುಕೊಳ್ಳಬಲ್ಲದು. ಆ ಮಿತಿ ದಾಟಿದರೆ ಅದು ಬರೀ ತಂತಿಯಂತಾಗಿ ಕರೆಂಟ್ ಸರ್ರನೆ ಮೇಲೇರುತ್ತದೆ, ಚಿಪ್ ಬೇಯುತ್ತದೆ. 0.3 ಆಂಪಿಯರಿನಲ್ಲಿ ಮುರಿಯಬೇಕಿದ್ದ ನಿರಂತರ ವಹನ ಇಲ್ಲಿ 0.9ರ ಹತ್ತಿರವೇ ಮುರಿಯುತ್ತದೆ.

ಆಸಿಲೋಸ್ಕೋಪ್ ಇರುವವರಿಗೆ ಇದೆಲ್ಲ ಕಣ್ಣೆದುರೇ ಕಾಣುತ್ತದೆ. ಸ್ವಿಚ್, ಡಯೋಡ್, ಕಾಯಿಲ್ ಮೂರೂ ಸೇರುವ ಬಿಂದುವಿಗೆ ಪ್ರೋಬ್ ಇಡಬೇಕು. ಒಳ್ಳೆಯ ಚಿಪ್ ಆದರೆ ಒಂದು ಸುತ್ತಿಗೆ 6.67 ಮೈಕ್ರೋಸೆಕೆಂಡ್, ನಕಲಿಯಾದರೆ 20ರ ಹತ್ತಿರ. ಸಿಸಿಎಂನಲ್ಲಿ ಅಲೆ ಚೌಕಾಕಾರ, ಮೇಲೆ ಸುಮಾರು 11 ವೋಲ್ಟ್, ಕೆಳಗೆ ಸೊನ್ನೆಗಿಂತ ತುಸು ಕೆಳಗೆ. ಲೋಡ್ ಇಳಿಸಿ ಷರತ್ತು ಮುರಿದರೆ ಚೌಕದ ಬಾಲದಲ್ಲಿ 5 ವೋಲ್ಟಿನ ಸುತ್ತ ನಡುಗುವ ಅಲೆಯೊಂದು ಹುಟ್ಟುತ್ತದೆ. ಬೋರ್ಡ್ ಕೆಟ್ಟಿದೆ ಎಂದು ಹೊಸಬರು ಗಾಬರಿಯಾಗುವುದು ಇಲ್ಲೇ. ಅದು ದೋಷವಲ್ಲ, ಡಯೋಡ್ ಮುಚ್ಚಿದ ಮೇಲೆ ಕಾಯಿಲ್ ಅಲ್ಲಿನ ಅಲ್ಪಸ್ವಲ್ಪ ಕೆಪಾಸಿಟೆನ್ಸಿನೊಂದಿಗೆ ತೂಗಾಡುವ ಗುರುತು.

ಆಸಿಲೋಸ್ಕೋಪ್ ಇಲ್ಲದವರು ಒಂದು ಮಲ್ಟಿಮೀಟರಿನಲ್ಲೇ ಅರ್ಧ ಪರೀಕ್ಷೆ ಮುಗಿಸಬಹುದು. ಮೊಬೈಲ್ ಜೋಡಿಸುವ ಮೊದಲು ಬ್ಯಾಟರಿ ಕೊಟ್ಟು, ಔಟ್‌ಪುಟ್ ಅಳೆಯುತ್ತ ಸ್ಕ್ರೂ ತಿರುಗಿಸಿ. ಅದು ಹಲವು ಸುತ್ತಿನದಾದ್ದರಿಂದ ಮೊದಲ ಕೆಲವು ಸುತ್ತು ಏನೂ ಆಗದಿದ್ದರೂ ತಾಳ್ಮೆ ಇರಲಿ. 5 ವೋಲ್ಟಿಗೆ ನಿಂತ ಮೇಲೆ 5 ಓಮ್, 10 ವಾಟಿನ ಸಿಮೆಂಟ್ ರೆಸಿಸ್ಟರ್ ಜೋಡಿಸಿದರೆ 1 ಆಂಪಿಯರ್ ಎಳೆದಂತಾಯಿತು. ರೆಸಿಸ್ಟರ್ ಕಾಯುತ್ತದೆ, ಮುಟ್ಟಬೇಡಿ. ಹತ್ತು ನಿಮಿಷದ ನಂತರವೂ ಮೀಟರ್ 5ರ ಹತ್ತಿರವೇ ಇದ್ದು, ಚಿಪ್ಪೂ ಕಾಯಿಲ್ಲೂ ಸುಡುವಷ್ಟು ಬಿಸಿಯಾಗದಿದ್ದರೆ ಆ ಬೋರ್ಡಿಗೆ ಮೊಬೈಲ್ ಜೋಡಿಸಬಹುದು. ಬೋರ್ಡಿನ ಮೇಲೆ ಬರೆದ 3 ಆಂಪಿಯರನ್ನು ಮಾತ್ರ ನಂಬಬೇಡಿ. ಹೀಟ್‌ಸಿಂಕ್ ಇಲ್ಲದೆ 2ಕ್ಕಿಂತ ಮೇಲೆ ಅದನ್ನು ದುಡಿಸದಿರುವುದು ಒಳ್ಳೆಯದು.